ಭಾರ ಹೊರುವ ಬ್ರಾಕೆಟ್: ಮಲಗಿಸಿ ಪ್ರಿಂಟ್ ಮಾಡಬೇಕಾ, ನಿಲ್ಲಿಸಬೇಕಾ, ಸಪೋರ್ಟ್ ಎಲ್ಲಿ ಬೇಕು?

ಎಲ್ ಆಕಾರದ ಬ್ರಾಕೆಟ್ ಫೈಲನ್ನು, 3ಡಿ ಪ್ರಿಂಟರ್‌ಗೆ ಪದರ ಪದರವಾಗಿ ಕತ್ತರಿಸಿ ಕೊಡುವ ಸಾಫ್ಟ್‌ವೇರ್ ಆದ ಸ್ಲೈಸರ್‌ನಲ್ಲಿ ತೆರೆದ ಮೇಲೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಗಾಳಿಯಲ್ಲಿ ತೇಲುವ ಭಾಗವನ್ನು ಪ್ರಿಂಟ್ ಆಗುವಾಗ ಹೊತ್ತು ನಿಲ್ಲುವ, ಆಮೇಲೆ ಕಿತ್ತು ಹಾಕುವ ಸಪೋರ್ಟ್ ಯಾವ ಕಡೆ ತಿರುಗಿಸಿದರೆ ಕಡಿಮೆ ಬೇಕಾಗುತ್ತದೋ ಆ ಕಡೆಗೆ ತಿರುಗಿಸಿ ಪ್ರಿಂಟ್ ಒತ್ತುವುದು. ಹೂದಾನಿಗೋ ಪೆನ್ ಡಬ್ಬಕ್ಕೋ ಅದು ಸಾಕು. ಭಾರ ಹೊರುವ ಸಾಮಾನಿಗೆ ಸಾಲದು. ಇಲ್ಲಿ ಮೊದಲು ಕೇಳಬೇಕಾದ್ದು ಭಾರ ಬಿದ್ದಾಗ ಅದು ಪ್ಲಾಸ್ಟಿಕ್ಕನ್ನು ಯಾವ ದಿಕ್ಕಿಗೆ ಎಳೆಯುತ್ತದೆ ಅನ್ನುವುದು. ಸಪೋರ್ಟ್ ವಿಚಾರ ಆಮೇಲೆ.

ಒಂದು ನಿಜವಾದ ಉದಾಹರಣೆ ಇಟ್ಟುಕೊಂಡೇ ನೋಡೋಣ. ತುಮಕೂರಿನಿಂದ ಗುಬ್ಬಿ ಕಡೆ ಹೋದರೆ ದಾರಿಯುದ್ದಕ್ಕೂ ತೆಂಗು, ಅಡಿಕೆ ತೋಟ. ಅಡಿಕೆ ಕಳ್ಳತನದ ಕಾಟಕ್ಕೆ ಈಗ ತೋಟದಲ್ಲೂ ಕ್ಯಾಮೆರಾ ಹಾಕಿಸುವವರು ಜಾಸ್ತಿ. ಹಾಗೆ ಹಾಕಿಸಿದ ಒಬ್ಬರು ತಮ್ಮ ಪಂಪ್ ಶೆಡ್‌ನಲ್ಲಿ ಬ್ಯಾಟರಿ ಇಡಲು ಒಂದು ಹಲಗೆ, ಅದರ ಕೆಳಗೆ ಎರಡು ಪ್ರಿಂಟೆಡ್ ಬ್ರಾಕೆಟ್ ಹಾಕಿಸಿಕೊಂಡಿದ್ದರು. ಬ್ಯಾಟರಿ, ಡಬ್ಬ ಎಲ್ಲ ಸೇರಿ ಸುಮಾರು 4 ಕೆಜಿ. ಬೇಸಿಗೆಯಲ್ಲಿ ಒಂದು ಬ್ರಾಕೆಟ್ ಬುಡದಲ್ಲೇ ಮುರಿಯಿತು. ಮುರಿದ ತುಂಡನ್ನು ನನ್ನ ಹತ್ತಿರ ತಂದಾಗ ಮುರಿದ ಜಾಗ ನೋಡಿದರೆ ನುಣ್ಣಗೆ, ಸಪಾಟಾಗಿ, ಗೆರೆ ಗೆರೆಯಾಗಿತ್ತು. ಪ್ಲಾಸ್ಟಿಕ್ ಹರಿದಿರಲಿಲ್ಲ, ಒಂದು ಪದರ ಇನ್ನೊಂದರಿಂದ ಬಿಟ್ಟುಕೊಂಡಿತ್ತು ಅಷ್ಟೆ. ಅದನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ದಾರೆ ಅಂತ ಹೇಳಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ಬ್ರಾಕೆಟ್‌ನ ಅಳತೆ ಹೀಗಿತ್ತು: ಗೋಡೆಗೆ ಕೂರುವ ಪಟ್ಟಿ 80 ಮಿಮೀ ಎತ್ತರ, ಹಲಗೆ ಹೊರುವ ತೋಳು ಬುಡದಿಂದ ತುದಿಗೆ 100 ಮಿಮೀ, ಅಗಲ 30 ಮಿಮೀ, ದಪ್ಪ ಎಲ್ಲ ಕಡೆ 8 ಮಿಮೀ. ತೋಳು ಮೇಲೆ, ಗೋಡೆ ಪಟ್ಟಿ ಕೆಳಕ್ಕೆ ಇಳಿದಿರುತ್ತದೆ. ಫಿಲಮೆಂಟ್, ಅಂದರೆ ಪ್ರಿಂಟರ್ ಕರಗಿಸುವ ಪ್ಲಾಸ್ಟಿಕ್ ಎಳೆ, ಪಿಇಟಿಜಿ.

ಈಗ ಸ್ವಲ್ಪ ಲೆಕ್ಕ, ಜಾಸ್ತಿ ಇಲ್ಲ. ಬ್ರಾಕೆಟ್ ಎರಡಿದ್ದರೂ ಹಲಗೆ ಮೇಲೆ ಬ್ಯಾಟರಿಯನ್ನು ಯಾರೂ ಸರಿಯಾಗಿ ಮಧ್ಯಕ್ಕೇ ಇಡುವುದಿಲ್ಲ, ಹಾಗಾಗಿ ಪೂರ್ತಿ 4 ಕೆಜಿ ಒಂದರ ಮೇಲೇ ಬಿದ್ದಿದೆ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಅಂದರೆ ಸುಮಾರು 40 ನ್ಯೂಟನ್. ಅದು ತೋಳಿನ ಬುಡದಿಂದ 75 ಮಿಮೀ ದೂರದಲ್ಲಿದ್ದರೆ ಬುಡವನ್ನು ಬಗ್ಗಿಸುವ ಬಲ 40 × 75, ಅಂದರೆ 3000 ನ್ಯೂಟನ್ ಮಿಮೀ. ಇದನ್ನು ತಡೆಯುವ ಶಕ್ತಿ ತೋಳಿನ ಅಗಲ ಮತ್ತು ದಪ್ಪದಿಂದ ಬರುತ್ತದೆ: ಅಗಲ × ದಪ್ಪ × ದಪ್ಪ ÷ 6, ನಮ್ಮ ಬ್ರಾಕೆಟ್‌ಗೆ 320. ಮೂರು ಸಾವಿರವನ್ನು 320ರಿಂದ ಭಾಗಿಸಿದರೆ ತೋಳಿನ ಮೇಲ್ಮೈಯಲ್ಲಿ ಬುಡದ ಹತ್ತಿರ 9.4 ಮೆಗಾಪ್ಯಾಸ್ಕಲ್ ಎಳೆತ ಬರುತ್ತದೆ. ಎಳೆತ ಬರುವುದು ತೋಳಿನ ಮೇಲಿನ ಮುಖದಲ್ಲಿ, ತೋಳಿನ ಉದ್ದಕ್ಕೆ. ಕೆಳಗಿನ ಮುಖ ಅದುಮಿಕೊಳ್ಳುತ್ತದೆ. ಇದೊಂದು ತಲೆಯಲ್ಲಿರಲಿ, ಮುಂದಿನ ಎಲ್ಲ ಮಾತಿಗೂ ಇದೇ ಬುಡ.

ಪಿಇಟಿಜಿಯನ್ನು, ಕರಗಿದ ಪ್ಲಾಸ್ಟಿಕ್ ಬಿಡುವ ನಾಜಲ್ ಹಾಕಿದ ಗೆರೆಯ ಉದ್ದಕ್ಕೆ ಎಳೆದರೆ ಸುಮಾರು 45 ಮೆಗಾಪ್ಯಾಸ್ಕಲ್ ತನಕ ತಡೆಯುತ್ತದೆ. ಪದರದಿಂದ ಪದರವನ್ನು ಬಿಡಿಸುವ ಹಾಗೆ ಎಳೆದರೆ ಅಷ್ಟು ತಡೆಯುವುದಿಲ್ಲ, ಅರ್ಧ ಅಂತ ಲೆಕ್ಕ ಹಿಡಿದರೆ ಕ್ಷೇಮ. ಸೌದೆಯನ್ನು ಎಳೆಯ ಉದ್ದಕ್ಕೆ ಸೀಳುವುದು ಸಲೀಸು, ಅಡ್ಡ ಕಡಿಯುವುದು ಕಷ್ಟ ಅಲ್ವಾ, ಹಾಗೆಯೇ ಇದೂ. ಇನ್ನು ಇದು ಒಂದು ಸಲ ಎಳೆದು ಬಿಡುವ ಭಾರವಲ್ಲ. ಬ್ಯಾಟರಿ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ, ಪ್ಲಾಸ್ಟಿಕ್ ಸದಾ ಭಾರದಲ್ಲಿದ್ದರೆ ನಿಧಾನಕ್ಕೆ ಹಿಗ್ಗುತ್ತಾ ಹೋಗುತ್ತದೆ, ತಗಡಿನ ಶೆಡ್‌ನ ಬಿಸಿಗೆ ಇನ್ನೂ ಬೇಗ. ಹಾಗಾಗಿ ತಡೆಯುವ ಶಕ್ತಿಯ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಬಳಸಬಾರದು ಅನ್ನುವುದು ನನ್ನ ಲೆಕ್ಕ. ಗೆರೆಯ ಉದ್ದಕ್ಕೆ ಆದರೆ 11 ತನಕ ಹೋಗಬಹುದು. ಪದರ ಬಿಡಿಸುವ ದಿಕ್ಕಿಗೆ ಆದರೆ ಐದೂವರೆಯ ಆಸುಪಾಸಿನಲ್ಲೇ ನಿಲ್ಲಬೇಕು. ನಮ್ಮ ಬ್ರಾಕೆಟ್‌ನಲ್ಲಿರುವುದು 9.4. ಯಾವ ಕಡೆ ತಿರುಗಿಸುತ್ತೀರಿ ಅನ್ನುವುದರ ಮೇಲೇ ಅದು ಉಳಿಯುತ್ತದೋ ಮುರಿಯುತ್ತದೋ ತೀರ್ಮಾನವಾಗುತ್ತದೆ.

ಮೂರು ರೀತಿ ಇಡಬಹುದು

ಮೊದಲನೆಯದು, ಗೋಡೆ ಪಟ್ಟಿಯನ್ನು ಪ್ರಿಂಟರ್‌ನ ತಳದ ಹಾಸು ಆದ ಬೆಡ್‌ಗೆ ಅಂಟಿಸಿ ತೋಳನ್ನು ಮೇಲಕ್ಕೆ ನಿಲ್ಲಿಸುವುದು. ನೋಡಲು ಇದೇ ಆಸೆ ಹುಟ್ಟಿಸುತ್ತದೆ. ಒಂದು ತುಂಡೂ ಸಪೋರ್ಟ್ ಬೇಡ, ಸ್ಕ್ರೂ ತೂತುಗಳು ದುಂಡಗೆ ಬರುತ್ತವೆ, ಗೋಡೆಗೆ ಕೂರುವ ಮುಖ ಗಾಜಿನಷ್ಟು ನುಣ್ಣಗಿರುತ್ತದೆ. ಆದರೆ ತೋಳಿನ ಉದ್ದಕ್ಕೆ ಬರುವ ಎಳೆತ ಪ್ರತಿಯೊಂದು ಪದರವನ್ನೂ ಬಿಡಿಸುವ ದಿಕ್ಕಿಗೇ ಬರುತ್ತದೆ. ಆ ಶೆಡ್‌ನಲ್ಲಿ ಮುರಿದದ್ದು ಇದೇ. ಇನ್ನೊಂದು ತೊಂದರೆ ಇದೆ. ಹೀಗೆ ನಿಲ್ಲಿಸಿದರೆ ಎತ್ತರ 108 ಮಿಮೀ, 0.2 ಮಿಮೀ ಪದರದಲ್ಲಿ 540 ಪದರ. ಅಷ್ಟು ಹೊತ್ತು ಪ್ರಿಂಟ್ ಆಗುವಾಗ ನಮ್ಮ ಕಡೆ ಒಂದು ಸಲವಾದರೂ ಕರೆಂಟ್ ಹೋಗುತ್ತದೆ. ಬಂದ ಮೇಲೆ ಪ್ರಿಂಟರ್ ಬಿಟ್ಟ ಜಾಗದಿಂದ ಮುಂದುವರಿಸುತ್ತದೆ ನಿಜ, ಆದರೆ ಆ ಹೊತ್ತಿಗೆ ಕೆಳಗಿನ ಪದರ ಪೂರ್ತಿ ತಣ್ಣಗಾಗಿರುತ್ತದೆ, ಮೇಲಿನದು ಅದಕ್ಕೆ ಸರಿಯಾಗಿ ಬೆಸೆಯುವುದಿಲ್ಲ. ಆ ಒಂದು ಗೆರೆ ತೋಳಿಗೆ ಅಡ್ಡಲಾಗಿ ಬರುತ್ತದೆ, ಮುರಿಯಲು ಜಾಗ ಗುರುತು ಹಾಕಿಕೊಟ್ಟಂತೆ. ಯುಪಿಎಸ್ ಇದ್ದವರು ಇದರಿಂದ ಬಚಾವ್, ಮೊದಲ ತೊಂದರೆಯಿಂದ ಅಲ್ಲ.

ಎರಡನೆಯದು, ಪಕ್ಕಕ್ಕೆ ಮಲಗಿಸುವುದು. ಎಲ್ ಅಕ್ಷರವನ್ನು ಕಾಗದದ ಮೇಲೆ ಬರೆದ ಹಾಗೆ ಬೆಡ್ ಮೇಲೆ ಕಾಣಬೇಕು. ಎತ್ತರ ಬರೀ 30 ಮಿಮೀ, 150 ಪದರ. ಪ್ರತಿ ಪದರದಲ್ಲೂ ನಾಜಲ್ ಗೋಡೆ ಪಟ್ಟಿಯ ಉದ್ದಕ್ಕೆ ಬಂದು, ಮೂಲೆ ತಿರುಗಿ, ತೋಳಿನ ತುದಿ ತನಕ ಒಂದೇ ಗೆರೆ ಎಳೆಯುತ್ತದೆ. ಭಾರದ ಎಳೆತ ಇರುವುದೂ ಅದೇ ದಾರಿಯಲ್ಲಿ. ಕರೆಂಟ್ ಹೋಗಿ ಒಂದು ಪದರ ಸೋತರೂ ಅದು ತೋಳಿನ ಉದ್ದಕ್ಕೆ ಮಲಗಿರುತ್ತದೆಯೇ ಹೊರತು ಅಡ್ಡ ಬರುವುದಿಲ್ಲ. ಯಾರಾದರೂ ಹಲಗೆಯನ್ನು ಪಕ್ಕದಿಂದ ತಳ್ಳಿದರೂ ತೋಳು ಬಗ್ಗುವಾಗ ಎಳೆತ ತೋಳಿನ ಉದ್ದಕ್ಕೇ ಇರುತ್ತದೆ, ಅದಕ್ಕೂ ಪರವಾಗಿಲ್ಲ. ತಿರುಚುವ ಬಲ ಬಂದರೆ ಮಾತ್ರ ಪದರಗಳು ಒಂದರ ಮೇಲೊಂದು ಜಾರಲು ನೋಡುತ್ತವೆ.

ಮೂರನೆಯದು, ತಲೆಕೆಳಗು ಮಾಡಿ ತೋಳಿನ ಮೇಲ್ಮೈಯನ್ನು ಬೆಡ್‌ಗೆ ಇಟ್ಟು ಗೋಡೆ ಪಟ್ಟಿಯನ್ನು ಮೇಲಕ್ಕೆ ನಿಲ್ಲಿಸುವುದು. ತೋಳು ಮಲಗಿರುವುದರಿಂದ ಅದು ಗಟ್ಟಿ. ಆದರೆ ಬುಡದಲ್ಲಿದ್ದ ಬಾಗುವ ಬಲ ಅಲ್ಲೇ ಮುಗಿಯುವುದಿಲ್ಲ, ಮೂಲೆ ತಿರುಗಿ ಗೋಡೆ ಪಟ್ಟಿಗೂ ಹೋಗುತ್ತದೆ, ಅಲ್ಲಿ ಪದರಗಳು ಅಡ್ಡ ಇವೆ. ಬರೀ ಎಲ್ ಆಗಿದ್ದರೆ ಇದು ಮೊದಲನೆಯದಕ್ಕಿಂತ ಅಷ್ಟೇನೂ ಮೇಲಲ್ಲ. ಮೂಲೆಗೆ ತೋಳಿನಿಂದ ಗೋಡೆ ಪಟ್ಟಿಗೆ ಒಂದು ಓರೆ ಪಟ್ಟಿ ಕೊಟ್ಟರೆ ಮಾತ್ರ ಕಥೆ ಬದಲಾಗುತ್ತದೆ. ಆಗ ಬಾಗುವ ಬಲವನ್ನು ತೋಳು ಮತ್ತು ಓರೆ ಪಟ್ಟಿ ಹಂಚಿಕೊಳ್ಳುತ್ತವೆ, ಗೋಡೆ ಪಟ್ಟಿಗೆ ಹೆಚ್ಚು ಬಾಗುವ ಕೆಲಸ ಇರುವುದಿಲ್ಲ. 45 ಡಿಗ್ರಿ ಓರೆ ಪಟ್ಟಿ ಸಪೋರ್ಟ್ ಇಲ್ಲದೆ ತಾನೇ ಮೇಲೇರುತ್ತದೆ ಕೂಡ. ಬ್ರಾಕೆಟ್ ತುಂಬ ಅಗಲ ಇದ್ದಾಗ, ಅಂದರೆ ಮಲಗಿಸಿದರೆ 120 ಮಿಮೀ ಎತ್ತರ ಆಗುವಂಥದ್ದಾದರೆ, ನಾನೂ ಇದನ್ನೇ ಆರಿಸುತ್ತೇನೆ. ನಮ್ಮ 30 ಮಿಮೀ ಬ್ರಾಕೆಟ್‌ಗೆ ಎರಡನೆಯದು ಬಿಟ್ಟು ಬೇರೆ ಯೋಚನೆ ಬೇಡ.

ಬ್ರಾಕೆಟನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಎಂದೂ ಕೆಲವರು ಹೇಳುತ್ತಾರೆ, ಎರಡೂ ಕಾಲಿಗೆ ಸಮ ಶಕ್ತಿ ಬರುತ್ತದೆ ಅಂತ. ಸಮ ಬರುತ್ತದೆ, ಎರಡಕ್ಕೂ ಅರೆಬರೆ. ಕೆಳಗೆಲ್ಲ ಸಪೋರ್ಟ್ ಬೇರೆ.

ಸಪೋರ್ಟ್ ಬರುವುದು ಓರೆ ಆಧಾರದ ಜೊತೆಗೆ

ಬರೀ ಎಲ್ ಅನ್ನು ಮಲಗಿಸಿದರೆ ಸಪೋರ್ಟೇ ಬೇಡ. ಆದರೆ 9.4 ಅನ್ನುವುದು ಮಲಗಿಸಿದಾಗಲೂ ನನ್ನ 11ರ ಮಿತಿಗೆ ಹತ್ತಿರವೇ. ಅದಕ್ಕೆ ಮೂಲೆಗೆ ಆಧಾರ ಬೇಕು. ತೋಳಿನ ಕೆಳಗೆ ಬುಡದಿಂದ 50 ಮಿಮೀ ದೂರಕ್ಕೆ ಒಂದು ಓರೆ ಆಧಾರ ಕೊಟ್ಟರೆ, ತೋಳಿನಲ್ಲಿ ಹೊರಕ್ಕೆ ಚಾಚಿ ಬಾಗುವುದು ಆಧಾರ ಮುಗಿದ ಜಾಗದಿಂದ ಮುಂದಕ್ಕೆ ಮಾತ್ರ. ಭಾರ ಅಲ್ಲಿಂದ 25 ಮಿಮೀ ದೂರ, ಬಾಗುವ ಬಲ 1000, ಎಳೆತ ಸುಮಾರು 3 ಮೆಗಾಪ್ಯಾಸ್ಕಲ್. ಮೂರನೇ ಒಂದು ಭಾಗ. ಇನ್ಫಿಲ್, ಅಂದರೆ ಒಳಗೆ ತುಂಬುವ ಜಾಲರಿ, ಜಾಸ್ತಿ ಮಾಡಿ ಇಷ್ಟು ಲಾಭ ಯಾವತ್ತೂ ಸಿಗುವುದಿಲ್ಲ.

ಆದರೆ ಆಧಾರ ಎಲ್ಲಿಟ್ಟರೆ ಏನಾಗುತ್ತದೆ ಅನ್ನುವುದರಲ್ಲೇ ಸಪೋರ್ಟಿನ ಜಗಳ ಶುರುವಾಗುವುದು. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಬ್ರಾಕೆಟ್ ನೋಡಿ ಎಲ್ಲರೂ ಮಾಡುವುದು 8 ಮಿಮೀ ದಪ್ಪದ ತ್ರಿಕೋನವನ್ನು ಅಗಲದ ಸರಿಯಾಗಿ ನಡುವೆ ಇಡುವುದು. ಮಲಗಿಸಿದಾಗ ಆ ತ್ರಿಕೋನ ಬೆಡ್‌ನಿಂದ 11 ಮಿಮೀ ಮೇಲೆ ಗಾಳಿಯಲ್ಲಿ ತೇಲುತ್ತದೆ, ಕೆಳಗೆ ಪೂರ್ತಿ ಸಪೋರ್ಟ್ ಬೇಕು. ಪ್ರಿಂಟ್ ಆಗುತ್ತದೆ, ಆದರೆ ಸಪೋರ್ಟ್ ಮೇಲೆ ಬೀಳುವ ಮೊದಲ ಪದರಗಳು ಜೋತು ಬಿದ್ದು ಒರಟಾಗಿ ಬರುತ್ತವೆ, ಪಕ್ಕದ ಗೆರೆಗಳ ಜೊತೆ ಚೆನ್ನಾಗಿ ಬೆಸೆಯುವುದಿಲ್ಲ. ಎಂಟು ಮಿಮೀ ದಪ್ಪದಲ್ಲಿ ಒಂದಿಷ್ಟು ಸುಮ್ನೆ ಲೆಕ್ಕಕ್ಕೆ ಮಾತ್ರ ಇರುತ್ತದೆ.

ಪಿಇಟಿಜಿಗೆ ಪಿಇಟಿಜಿಯೇ ಸಪೋರ್ಟ್ ಆದಾಗ ಇನ್ನೊಂದು ಕಾಟ. ಎರಡೂ ಬಲವಾಗಿ ಅಂಟಿಕೊಳ್ಳುತ್ತವೆ. ಸಪೋರ್ಟಿಗೂ ಅದರ ಮೇಲಿನ ಪದರಕ್ಕೂ ನಡುವೆ ಬಿಡುವ ಅಂತರ, ಸ್ಲೈಸರ್‌ನಲ್ಲಿ `Top Z distance`, ಅದನ್ನು 0.2 ಮಿಮೀ ಸುತ್ತಮುತ್ತ ಇಡಬೇಕು. ಅದಕ್ಕಿಂತ ಕಡಿಮೆ ಮಾಡಿದರೆ ಇಕ್ಕಳ ಹಿಡಿದು ಕಿತ್ತರೂ ಬರುವುದಿಲ್ಲ, ಜಾಸ್ತಿ ಮಾಡಿದರೆ ಕೆಳಮುಖ ಶಾವಿಗೆ ಶಾವಿಗೆಯಾಗಿ ಬಿಟ್ಟುಕೊಳ್ಳುತ್ತದೆ. ಎರಡು ಫಿಲಮೆಂಟ್ ಹಾಕುವ ಪ್ರಿಂಟರ್ ಇದ್ದವರು ಸಪೋರ್ಟ್ ಮುಟ್ಟುವ ಪದರಕ್ಕೆ ಮಾತ್ರ ಪಿಎಲ್ಎ ಹಾಕಬಹುದು. ಪಿಎಲ್ಎ ಮತ್ತು ಪಿಇಟಿಜಿ ಒಂದಕ್ಕೊಂದು ಸರಿಯಾಗಿ ಅಂಟುವುದಿಲ್ಲ, ಬೆರಳಲ್ಲೇ ಬಿಡಿಸಬಹುದು.

ಕೆಲವು ಆಕಾರಗಳಿಗೆ ಸಪೋರ್ಟ್ ತಪ್ಪಿಸಲು ಆಗುವುದೇ ಇಲ್ಲ. ಅಂಥ ಕಡೆ ಅದು ಮುಟ್ಟುವ ಮುಖ ಯಾವುದು ಅಂತ ನೋಡಿ. ಸಪೋರ್ಟ್ ಕಿತ್ತ ಜಾಗದಲ್ಲಿ ಗೀರು, ಸಣ್ಣ ಗುಳಿ ಉಳಿಯುತ್ತದೆ. ಅದುಮಿಕೊಳ್ಳುವ ಮುಖದಲ್ಲಿದ್ದರೆ ಬರೀ ಅಂದ ಕೆಟ್ಟಿತು ಅಷ್ಟೆ. ಎಳೆತ ಬರುವ ಮುಖದಲ್ಲಿದ್ದರೆ ಬಿರುಕು ಅಲ್ಲಿಂದಲೇ ಶುರು. ನಮ್ಮ ಬ್ರಾಕೆಟ್‌ನಲ್ಲಿ ತೋಳಿನ ಮೇಲ್ಮೈಗೆ ಯಾವ ಕಾರಣಕ್ಕೂ ಸಪೋರ್ಟ್ ತಾಗಬಾರದು. ಪದರದ ಗೆರೆ ಶುರುವಾಗಿ ಮುಗಿಯುವ ಜಾಗದಲ್ಲಿ ಬರುವ ಸೀಮ್‌ಗೂ ಇದೇ ಮಾತು. ಸ್ಲೈಸರ್ ಅದನ್ನು ಯಾವುದಾದರೂ ಮೂಲೆಯಲ್ಲಿ ಅಡಗಿಸಲು ನೋಡುತ್ತದೆ. ನೀವು ಅದನ್ನು ತೋಳಿನ ತುದಿಗೆ ಕಳಿಸಿ, ಅಲ್ಲಿ ಯಾವ ಬಲವೂ ಇಲ್ಲ.

ಇನ್ನೊಂದು ದಾರಿ ತ್ರಿಕೋನವನ್ನು ನಡುವಿನಿಂದ ಸರಿಸಿ ಒಂದು ಅಂಚಿಗೆ, ಬೆಡ್‌ಗೆ ತಾಗುವ ಹಾಗೆ ಇಡುವುದು. ಸಪೋರ್ಟ್ ಹೋಯಿತು. ಆದರೆ ಭಾರ ತೋಳಿನ ನಡುವೆ, ಆಧಾರ ಒಂದು ಪಕ್ಕದಲ್ಲಿ, ತೋಳು ತಿರುಚಿಕೊಳ್ಳುತ್ತದೆ. ಮಲಗಿಸಿದ ಬ್ರಾಕೆಟ್‌ಗೆ ಹಿಡಿಸದ ಬಲ ಅದೊಂದೇ ಅಂತ ಮೇಲೆ ಹೇಳಿದೆನಲ್ಲ. ಎಡಕ್ಕೊಂದು ಬಲಕ್ಕೊಂದು ಕನ್ನಡಿ ಜೋಡಿ ಮಾಡಿ ಎರಡನ್ನೂ ಒಂದೇ ಹಲಗೆಗೆ ಸ್ಕ್ರೂ ಹಾಕಿದರೆ ನಡೆಯುತ್ತದೆ, ಒಂಟಿ ಬ್ರಾಕೆಟ್‌ಗೆ ಬೇಡ.

ನನಗೆ ಸರಿ ಅನ್ನಿಸುವುದು ಬೇರೆ. ತ್ರಿಕೋನದ ಹಲಗೆಯನ್ನೇ ಬಿಟ್ಟು, 8 ಮಿಮೀ ದಪ್ಪದ ಓರೆ ಪಟ್ಟಿಯನ್ನು ಪೂರ್ತಿ 30 ಮಿಮೀ ಅಗಲಕ್ಕೂ ಎಳೆಯುವುದು. ಪಕ್ಕದಿಂದ ನೋಡಿದರೆ ಗೋಡೆ ಪಟ್ಟಿ, ತೋಳು, ಓರೆ ಪಟ್ಟಿ ಸೇರಿ ನಡುವೆ ಖಾಲಿ ಇರುವ ಒಂದು ತ್ರಿಕೋನ. ಈ ಚಿತ್ರವನ್ನು ಬೆಡ್ ಮೇಲೆ ಮಲಗಿಸಿದರೆ ಮೊದಲ ಪದರದಿಂದ ಕೊನೆಯ ಪದರದ ತನಕ ಒಂದೇ ಆಕಾರ, ಎಲ್ಲೂ ಗಾಳಿಯಲ್ಲಿ ತೇಲುವ ಜಾಗವಿಲ್ಲ. ಪೂರ್ತಿ ಗಟ್ಟಿಯಾಗಿ ಪ್ರಿಂಟ್ ಮಾಡಿದರೂ ಸುಮಾರು 75 ಗ್ರಾಂ ಫಿಲಮೆಂಟ್. ಗಟ್ಟಿ ಮಾಡಲು ಇನ್ಫಿಲ್ ಶೇಕಡಾ ನೂರು ಹಾಕಬೇಡಿ. ಗೆರೆ ಅಗಲ 0.45 ಮಿಮೀ ಇದ್ದರೆ ಹೊರಗೋಡೆಗೆ ಎಷ್ಟು ಗೆರೆ ಅಂತ ಹೇಳುವ `Wall loops` ಅನ್ನು 9 ಮಾಡಿ. ಎರಡೂ ಕಡೆಯಿಂದ ಒಂಬತ್ತೊಂಬತ್ತು ಗೆರೆ ಬಂದು 8 ಮಿಮೀ ತುಂಬಿಕೊಳ್ಳುತ್ತದೆ, ಎಲ್ಲ ಗೆರೆಯೂ ಬಲದ ದಾರಿಯಲ್ಲೇ ಉದ್ದಕ್ಕೆ ಹೋಗುತ್ತದೆ. ಪಟ್ಟಿಗಳು ಸೇರುವ ಒಳಮೂಲೆಗಳನ್ನು ಚೂಪಾಗಿ ಬಿಡದೆ 4 ಮಿಮೀ ಸುತ್ತು ಕೊಡಿ, ಇಲ್ಲವಾದರೆ ಎಳೆತ ಅಲ್ಲಿ ಒಟ್ಟಾಗುತ್ತದೆ.

ಮಲಗಿಸಿದ್ದಕ್ಕೆ ಕೊಡಬೇಕಾದ ಬೆಲೆ: ಸ್ಕ್ರೂ ತೂತು

ಮಲಗಿಸುವುದರಲ್ಲಿ ಒಂದು ದುರ್ಬಲ ಜಾಗ ಇದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಗೋಡೆ ಪಟ್ಟಿಯ ಸ್ಕ್ರೂ ತೂತು ಈಗ ಪದರಗಳ ನಡುವೆ ಅಡ್ಡಕ್ಕೆ ಹೋಗುತ್ತದೆ. ಅದಕ್ಕೆ ತಲೆ ಒಳಗೆ ಕೂರುವ, ಕೆಳಗೆ ಕೂರಾಗಿರುವ ಸ್ಕ್ರೂ ಹಾಕಿ ಬಿಗಿ ಮಾಡಿದರೆ ಆ ತಲೆ ಬೆಣೆಯಂತೆ ಪದರಗಳನ್ನು ಎರಡು ಪಕ್ಕಕ್ಕೆ ತಳ್ಳುತ್ತದೆ. ತೂತಿನಿಂದ ಹೊರಟು ಪಟ್ಟಿಯ ಉದ್ದಕ್ಕೆ ಒಂದು ಕೂದಲೆಳೆ ಬಿರುಕು ಕಾಣಿಸಿದರೆ ಕಾರಣ ಇದೇ, ಭಾರ ಅಲ್ಲ. ಹಾಗಾಗಿ ತಲೆ ಕೆಳಗೆ ಸಪಾಟಾಗಿರುವ ಸ್ಕ್ರೂ ತಗೊಂಡು ಅಗಲದ ವಾಷರ್ ಹಾಕಿ. ಪವರ್ ಡ್ರಿಲ್‌ನಲ್ಲಿ ಕಟಕಟ ಅನ್ನುವ ತನಕ ಬಿಗಿಯಬೇಡಿ, ಕೊನೆಯ ಸುತ್ತು ಕೈಯಲ್ಲೇ ಆಗಲಿ.

ಮೇಲಿನ ಸ್ಕ್ರೂವನ್ನು ತೋಳಿನ ಮೇಲ್ಮೈಯಿಂದ 15 ಮಿಮೀ ಕೆಳಗೆ ಇಟ್ಟರೆ, ಬ್ರಾಕೆಟ್ ತನ್ನ ಕೆಳ ಅಂಚಿನ ಮೇಲೆ ತಿರುಗಲು ನೋಡುವಾಗ ಆ ಸ್ಕ್ರೂ ಮೇಲೆ ಬರುವ ಎಳೆತ ಸುಮಾರು 50 ನ್ಯೂಟನ್, 5 ಕೆಜಿ ತೂಕದಷ್ಟು. ರಾಲ್ ಪ್ಲಗ್ ಗಟ್ಟಿ ಗೋಡೆಯಲ್ಲಿ ಸರಿಯಾಗಿ ಕೂತಿದ್ದರೆ ಅದು ಏನೂ ಅಲ್ಲ. ಅದೇ ಸ್ಕ್ರೂವನ್ನು ಪಟ್ಟಿಯ ನಡುವಿಗೆ ಇಳಿಸಿದರೆ ಎಳೆತ ಜಾಸ್ತಿಯಾಗುತ್ತದೆ, ಮೇಲ್ತುದಿ ಗೋಡೆ ಬಿಟ್ಟು ಮುಂದಕ್ಕೆ ಬರುತ್ತದೆ. ಆದರೆ ಮೇಲೆ ಇಟ್ಟರೆ ಸ್ಕ್ರೂಡ್ರೈವರ್‌ಗೆ ಓರೆ ಪಟ್ಟಿ ಅಡ್ಡ ಬರುತ್ತದೆ. ಅದಕ್ಕೆ ನೇರವಾಗಿ ಓರೆ ಪಟ್ಟಿಯಲ್ಲೇ ಒಂದು 12 ಮಿಮೀ ತೂತು ಬಿಡಿ. ಆ ಪಟ್ಟಿ ಬರೀ ಅದುಮಿಕೊಳ್ಳುತ್ತದೆ, ಅದರಲ್ಲಿ ಹಾದುಹೋಗುವ ಬಲವೂ ಕಡಿಮೆ, ಉಳಿದ 18 ಮಿಮೀ ಅಗಲ ಧಾರಾಳ. ವಾಷರ್ ಮಾತ್ರ ಆ ತೂತಿನಲ್ಲಿ ಹೋಗುತ್ತದಾ ಅಂತ ನೋಡಿಕೊಳ್ಳಿ, ಹೋಗದಿದ್ದರೆ ಪಕ್ಕದ ಖಾಲಿ ಜಾಗದಿಂದ ಒಳಗೆ ಬಿಡಬಹುದು.

ಈ ಎರಡೂ ತೂತು ಪ್ರಿಂಟ್‌ನಲ್ಲಿ ಅಡ್ಡ ಮಲಗಿರುತ್ತವೆ. 5 ಮಿಮೀ ಸ್ಕ್ರೂ ತೂತಿಗೆ ಸಪೋರ್ಟ್ ಬೇಡ, ಮೇಲ್ಭಾಗ ಚೂರು ಜೋತು ಬಿದ್ದರೆ 5 ಮಿಮೀ ಡ್ರಿಲ್ ಬಿಟ್ ಕೈಯಲ್ಲಿ ತಿರುಗಿಸಿದರೆ ಸರಿಹೋಗುತ್ತದೆ. 12 ಮಿಮೀ ತೂತನ್ನು ದುಂಡಗೆ ಬರೆಯುವ ಬದಲು ಮೇಲ್ಭಾಗವನ್ನು 45 ಡಿಗ್ರಿಯಲ್ಲಿ ಚೂಪಾಗಿಸಿ ಹನಿ ಆಕಾರ ಮಾಡಿ. ಸ್ಲೈಸರ್ ತಾನಾಗಿ ಸಪೋರ್ಟ್ ಹಾಕುವ ಆಯ್ಕೆ ಆನ್ ಇದ್ದರೆ ಈ ತೂತುಗಳೊಳಗೆ ತುರುಕಿರುತ್ತದೆ, ಆಮೇಲೆ ಕೀಳುವುದು ತಲೆನೋವು. ಈ ಬ್ರಾಕೆಟ್‌ಗೆ ಅದನ್ನು ಪೂರ್ತಿ ಆಫ್ ಮಾಡಿ.

ಫಿಲಮೆಂಟ್ ಬಗ್ಗೆ ಒಂದೇ ಮಾತು. ಪಿಎಲ್ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಅದಕ್ಕೂ ಮೊದಲೇ ಭಾರಕ್ಕೆ ಬಾಗಲು ಶುರು ಮಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಕೆಳಗೆ ಅದನ್ನು ನಂಬಬೇಡಿ, ಎಷ್ಟೇ ಸರಿಯಾಗಿ ಮಲಗಿಸಿದ್ದರೂ. ಪಿಇಟಿಜಿಗೆ ಆ ಮಿತಿ 80ರ ಆಸುಪಾಸು, ಎಎಸ್ಎಗೆ 100ರ ಹತ್ತಿರ. ಹೊರಗೆ ಬಿಸಿಲಿಗೇ ಇಡುವುದಾದರೆ ಎಎಸ್ಎ. ಬೆಂಗಳೂರಿನಲ್ಲಿ ಪುಡಿ ನೈಲಾನ್ ಪ್ರಿಂಟ್ ಮಾಡಿಸುವುದಾದರೆ ಸಪೋರ್ಟಿನ ಮಾತೇ ಇಲ್ಲ, ಸುತ್ತಲಿನ ಪುಡಿಯೇ ಹಿಡಿದುಕೊಂಡಿರುತ್ತದೆ, ದಿಕ್ಕಿನಿಂದ ಬರುವ ವ್ಯತ್ಯಾಸವೂ ಕಡಿಮೆ. ಖರ್ಚು ಮಾತ್ರ ಜಾಸ್ತಿ, ಎರಡು ಬ್ರಾಕೆಟ್‌ಗೆ ಅಷ್ಟು ದುಡ್ಡು ಹಾಕುವ ಬದಲು ಕಬ್ಬಿಣದ್ದೇ ತಗೊಳ್ಳಿ.

ಗೋಡೆಗೆ ಹಾಕುವ ಮುಂಚೆ

ನಿಮ್ಮ ಪ್ರಿಂಟರ್‌ನಲ್ಲಿ ಪದರ ಎಷ್ಟು ಬೆಸೆಯುತ್ತದೆ ಅಂತ ತಿಳಿಯಲು ಬೆರಳು ದಪ್ಪದ ಎರಡು ಕಡ್ಡಿ ಮಾಡಿ, ಒಂದು ಮಲಗಿಸಿ, ಒಂದು ನಿಲ್ಲಿಸಿ. ಎರಡನ್ನೂ ಬಟ್ಟೆ ಸುತ್ತಿ ಮುರಿಯಿರಿ. ನಿಲ್ಲಿಸಿದ್ದು ಟಕ್ ಅಂತ ಸಪಾಟಾಗಿ ಮುರಿದು, ಮಲಗಿಸಿದ್ದು ಬಗ್ಗಿ, ಬೆಳ್ಳಗಾಗಿ, ಆಮೇಲೆ ಹರಿದರೆ ಅದು ಸಹಜ. ನಿಲ್ಲಿಸಿದ್ದು ಕೈಗೆ ಬಲ ಹಾಕುವ ಮುಂಚೆಯೇ ಮುರಿದರೆ ನಾಜಲ್ ಬಿಸಿ ಕಡಿಮೆ ಇದೆ ಅಥವಾ ಫ್ಯಾನ್ ಜಾಸ್ತಿ ಓಡುತ್ತಿದೆ, ಇಲ್ಲವೇ ಫಿಲಮೆಂಟ್ ನೀರು ಹೀರಿದೆ. ಪಿಇಟಿಜಿಗೆ ಫ್ಯಾನ್ ಅರ್ಧಕ್ಕಿಂತ ಕೆಳಗಿದ್ದರೆ ಪದರ ಚೆನ್ನಾಗಿ ಹಿಡಿಯುತ್ತದೆ.

ಆಮೇಲೆ ಬ್ರಾಕೆಟನ್ನು ಒಂದು ಮರದ ಕಂಬಕ್ಕೆ ಸ್ಕ್ರೂ ಹಾಕಿ, ಬುಡದಿಂದ 75 ಮಿಮೀ ದೂರದಲ್ಲಿ ಬಕೆಟ್ ನೇತುಹಾಕಿ 12 ಲೀಟರ್ ನೀರು ತುಂಬಿ. ನಮ್ಮ ಭಾರದ ಮೂರು ಪಟ್ಟು ಆಯಿತು. ತೋಳಿನ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಹಿಡಿದು ಬರೆದಿಟ್ಟುಕೊಳ್ಳಿ. ನೀರು ತುಂಬಿದ ತಕ್ಷಣ ಸ್ವಲ್ಪ ಇಳಿಯುತ್ತದೆ, ಅದು ಇರಲಿ. ನೋಡಬೇಕಾದ್ದು ಮಾರನೆ ದಿನ, ಅದರ ಮಾರನೆ ದಿನ. ಇಳಿಯುವುದು ನಿಂತಿದ್ದರೆ ಬ್ರಾಕೆಟ್ ಸರಿ ಇದೆ. ದಿನಾ ಅಷ್ಟಷ್ಟೇ ಇಳಿಯುತ್ತಾ ಹೋದರೆ ಮುರಿಯದಿದ್ದರೂ ಅದನ್ನು ಹಾಕಬೇಡಿ, ದಪ್ಪವನ್ನು 8ರಿಂದ 10 ಮಿಮೀಗೆ ಏರಿಸಿ ಮತ್ತೆ ಪ್ರಿಂಟ್ ಮಾಡಿ. ದಪ್ಪ ಲೆಕ್ಕದಲ್ಲಿ ಎರಡು ಸಲ ಗುಣಾಕಾರ ಆಗುವುದರಿಂದ ಆ 2 ಮಿಮೀಗೆ ತೋಳಿನ ಎಳೆತ ಮೂರನೇ ಒಂದರಷ್ಟು ಇಳಿದುಬಿಡುತ್ತದೆ. ಪರೀಕ್ಷೆಯನ್ನು ಮನೆಯೊಳಗೆ ನೆರಳಲ್ಲಿ ಮಾಡಿ ಖುಷಿಪಡಬೇಡಿ, ಬ್ರಾಕೆಟ್ ಕೊನೆಗೆ ಯಾವ ತಗಡಿನ ಕೆಳಗೆ ಇರುತ್ತದೋ ಅಲ್ಲೇ ಕಟ್ಟಿ.